ಪಟ್ಟಿಯಲ್ಲಿಲ್ಲದ ಗಸಗಸೆ

ಮಂಗಮ್ಮನವರು ಸಾದಲಿಯಿಂದ ಬಸ್ಸು ಹಿಡಿದು ಚಿಕ್ಕಬಳ್ಳಾಪುರದ ನನ್ನ ಕೋಣೆಗೆ ಬಂದಾಗ ಮಂಗಳವಾರ ಹನ್ನೊಂದು ಗಂಟೆ. ಕುರ್ಚಿ ತೋರಿಸಿದೆ. ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಮಗಳು ಗೌತಮಿಯನ್ನು ದುಬೈ ಪೊಲೀಸರು ಹಿಡಿದು ಐದು ದಿನವಾಯಿತು ಎಂದರು.

"ನೀನು ಕಳಿಸಿದ ಡಬ್ಬದಾಗೆ ಗಸಗಸೆ ಇತ್ತಂತೆ ಕಣಮ್ಮ ತನುಜ. ಪಾಯಸ ಮಾಡೋ ಗಸಗಸೆಗೆ ಪೊಲೀಸ್ ಯಾಕೆ?"

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮ ಕಡೆಯ ಎಷ್ಟೋ ಅಂಗಡಿಗಳು ಹೊರದೇಶಕ್ಕೆ ಸಾಮಾನು ಕಳಿಸುವುದಿಲ್ಲ. ಹೊರಗಿರುವವರು ನನ್ನ ವಿಳಾಸ, ಜೊತೆಗೆ ನಾನು ಕೊಟ್ಟ ನಂಬರು ಹಾಕಿ ಆರ್ಡರ್ ಮಾಡುತ್ತಾರೆ. ಪಾರ್ಸೆಲ್ ಬಂದ ಕೂಡಲೇ ಒಡೆದು ಫೋಟೋ ತೆಗೆದು, ಒಬ್ಬೊಬ್ಬರದನ್ನೂ ಒಂದೊಂದು ಡಬ್ಬಕ್ಕೆ ತುಂಬಿ, ಒಳಗೇನಿದೆ ಎಂದು ಪಟ್ಟಿ ಬರೆದು ಕೊರಿಯರ್‌ಗೆ ಕೊಡುತ್ತೇನೆ. ಯಾವ ದೇಶಕ್ಕೆ ಏನು ಕಳಿಸಬಾರದು ಎಂಬುದು ಗೋಡೆಯ ಮೇಲೇ ಅಂಟಿಸಿದೆ. ಗಸಗಸೆ ಅಫೀಮಿನ ಗಿಡದ ಬೀಜ. ದುಬೈನಲ್ಲಿ ನಿಷೇಧ, ಲಂಡನ್ನಿಗೆ ಹೋಗುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಹತ್ತು ಜನಕ್ಕೆ ಉಪದೇಶವನ್ನೂ ಮಾಡಿದ್ದೇನೆ.

"ನಾನು ತರಿಸೇ ಇಲ್ಲ ಅಂತಾಳೆ ಗೌತಮಿ. ಎಲ್ಲರೂ ಹಂಗೇ ಹೇಳೋದು ಅಂತಾರಂತೆ ಅಲ್ಲಿ. ಹಾಕಿದೋರು ಯಾರು ಅಂತ ನಿಂಗೇನಾದ್ರೂ ಗೊತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನದೂ ಹಾಗೇ ಆಯಿತು. ನಾನು ಕಂಪ್ಯೂಟರ್ ತೆರೆದೆ. ಗೌತಮಿಯ ಫೋಟೋಗಳಲ್ಲಿ ಶಿಡ್ಲಘಟ್ಟದ ಅಂಗಡಿಯ ರೇಷ್ಮೆ ಸೀರೆ, ಮಸಾಲೆ ಅಂಗಡಿಯ ಸಾರಿನ ಪುಡಿ, ಹುರಳಿಕಾಳು. ಗಸಗಸೆ ಇಲ್ಲ. ಅದೇ ದಿನ ಲಂಡನ್ನಿನ ಚೈತನ್ಯ ಎಂಬವರಿಗೂ ಅದೇ ಮಸಾಲೆ ಅಂಗಡಿಯಿಂದ ಪಾರ್ಸೆಲ್ ಬಂದಿತ್ತು. ಅವರ ಫೋಟೋದಲ್ಲಿ ಗಸಗಸೆ ಪೊಟ್ಟಣ ಎದ್ದು ಕಾಣುತ್ತಿತ್ತು. ಐದು ಗಂಟೆಗೆ ಕೊರಿಯರ್ ಗಾಡಿ ಬರುತ್ತದೆಂದು ಎರಡು ಡಬ್ಬಗಳನ್ನೂ ಒಂದೇ ಮೇಜಿನ ಮೇಲೆ ತುಂಬಿದ್ದೆ.

ಅಷ್ಟೇ ಆಗಿದ್ದರೆ ಅವಸರದ ತಪ್ಪು ಎನ್ನಬಹುದಿತ್ತು. ಹೋದ ವಾರದ ಸೋಮವಾರ ಚೈತನ್ಯ ಮೇಲ್ ಹಾಕಿದ್ದರು, ಡಬ್ಬ ತಲುಪಿದೆ, ಗಸಗಸೆ ಬಂದಿಲ್ಲ ಎಂದು. ಕಾಲು ಕೆಜಿ ಗಸಗಸೆಗೆ ಇಷ್ಟು ದೊಡ್ಡ ಪತ್ರವೇ ಎಂದು ನನಗೆ ರೇಗಿತ್ತು. ಅಂಗಡಿಯವರೇ ಹಾಕಿರಲಿಕ್ಕಿಲ್ಲ, ಅವರನ್ನೇ ಕೇಳಿ ಎಂದು ಬರೆದುಬಿಟ್ಟೆ. ಫೋಟೋ ತೆರೆದು ನೋಡಲಿಲ್ಲ.

ಈಗ ನೋಡಿದೆ. ಅಳು ಬರಲಿಲ್ಲ, ಎದೆ ಹೊಡೆದುಕೊಳ್ಳಲೂ ಇಲ್ಲ. ಒಳಗೆಲ್ಲ ಮರಗಟ್ಟಿತ್ತು. ಮಂಗಮ್ಮನವರಿಗೆ ಕಾಫಿ ಬೇಕೇ ಎಂದು ಕೇಳಿದೆ. ಬೇಡ ಎಂದರು.

ದುಬೈನಲ್ಲಿ ಗೌತಮಿಯ ವಕೀಲರಿಗೆ ತಾರೀಖಿರುವ ಫೋಟೋಗಳೂ, ಡಬ್ಬ ತುಂಬಿದವರು ಸಹಿ ಮಾಡಿ ನೋಟರಿ ಮಾಡಿಸಿದ ಹೇಳಿಕೆಯೂ ಬೇಕಂತೆ. ಬರೀ ಫೋಟೋ ಸಾಲದು. ಫೋಟೋ ತೆಗೆದ ಮೇಲೆ ಏನು ಬೇಕಾದರೂ ಸೇರಿಸಬಹುದಲ್ಲ.

ಹೊರಗೆ ಹೋಗಿ ತಮ್ಮ ಜಗನ್‌ಗೆ ಫೋನ್ ಮಾಡಿದೆ.

"ಬರಕೊಡಬೇಡ ಅಕ್ಕ," ಎಂದ. "ಒಳಗಿರೋದಕ್ಕೆ ಗ್ರಾಹಕರೇ ಜವಾಬ್ದಾರರು ಅಂತ ಆಯಮ್ಮ ಟಿಕ್ ಮಾಡಿಲ್ವಾ? ನೀನು ಬರಕೊಟ್ರೆ ನಾಳೆಯಿಂದ ಯಾವ ಕೊರಿಯರ್‌ನೋನು ನಿನ್ನ ಡಬ್ಬ ಮುಟ್ತಾನೆ? ಕೇಸ್ ಬಿದ್ರೆ?"

ಅವನು ಹೇಳಿದ್ದೆಲ್ಲ ನಿಜವೇ. ಒಳಗೆ ಬಂದೆ.

"ಅಂಗಡಿಯೋನೇ ತಪ್ಪಾಗಿ ಹಾಕ್ದ ಅಂತ ಬರಿಯಮ್ಮ," ಎಂದರು ಮಂಗಮ್ಮ. "ನೀನು ಬದುಕೋ ಹೆಣ್ಣು, ನಿನ್ನ ಹೆಸರು ಯಾಕೆ ಇದರಾಗೆ."

ನನ್ನನ್ನು ಉಳಿಸಲು ಅವರೇ ದಾರಿ ತೋರಿಸುತ್ತಿದ್ದರು. ಆದರೆ ಹಾಗೆ ಬರೆದರೆ ಫೋಟೋಗೂ ಹೇಳಿಕೆಗೂ ತಾಳೆಯಾಗುವುದಿಲ್ಲ, ಸುಳ್ಳಿನ ಭಾರ ಗೌತಮಿಯ ತಲೆಗೇ ಬೀಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಲಂಡನ್ನಿನ ಪೊಟ್ಟಣ, ಒಂದೇ ಮೇಜು, ಸೋಮವಾರದ ಮೇಲ್, ನಾನು ಕೊಟ್ಟ ಉತ್ತರ.

"ಏನು ಬರ್ದೆ, ಓದು," ಎಂದರು. ಅವರಿಗೆ ಅಕ್ಷರ ಬಾರದು. ಓದಿದೆ. ನನ್ನ ದನಿ ಬ್ಯಾಂಕಿನಲ್ಲಿ ಟೋಕನ್ ಕೂಗುವ ದನಿಯ ಹಾಗಿತ್ತು.

ಓದಿ ಮುಗಿಸಿದೆ. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ.

"ಇದು ಕಳಿಸಿದ್ರೆ ಬಿಡ್ತಾರಾ?"

"ಗೊತ್ತಿಲ್ಲಮ್ಮ. ಬಿಟ್ರೂ ಕೆಲಸ ಇರುತ್ತೋ ಇಲ್ವೋ."

ಅವರು ಹೇಳಿಕೆಯ ಕಾಗದದ ಮೇಲೆ ಕೈಯಿಟ್ಟುಕೊಂಡೇ ಬೆರಳಲ್ಲಿ ದಿನ ಎಣಿಸಿದರು. ಸೋಮವಾರ, ಮಂಗಳವಾರ, ಬುಧವಾರ.

"ಲಂಡನ್ನಿನ ಆಯಪ್ಪ ಬರೆದಿದ್ದು ಸೋಮವಾರ ಅಂದ್ಯಲ್ಲ," ಎಂದರು. "ಗುರುವಾರ ಬೆಳಗ್ಗೆ ನನ್ ಮಗಳು ಫೋನ್ ಮಾಡಿದ್ಲು. ಕಸ್ಟಮ್ಸ್‌ನೋರು ಕರೆದವ್ರೆ, ಡಬ್ಬ ಬಿಡಿಸ್ಕೊಂಡು ಬರ್ತೀನಿ ಅಂದ್ಲು. ಹೋಗಿ ಬಾರಮ್ಮ ಅಂತ ನಾನೇ ಕಳಿಸ್ದೆ."