ಸೂಚಿಸಿದವರು ಪುಟ್ಟಮಾದಯ್ಯ

ಪಟೇಲ ಮಹದೇವಯ್ಯನವರ ಜಗಲಿಯ ಮೇಲೆ ಕೂತು ಹೊನ್ನಯ್ಯ ಆ ಕಾಗದವನ್ನು ಎರಡು ಸಲ ಓದಿ ಹೇಳಿದ. ಮೊದಲ ಸಲ ಪಟೇಲರು ಕಣ್ಣು ಮುಚ್ಚಿಕೊಂಡು ಕೇಳಿದರು. ಎರಡನೇ ಸಲ ಕಣ್ಣು ಬಿಟ್ಟುಕೊಂಡು ಕೇಳಿದರು.

ಮಂಡ್ಯ ಬೇರೆ ಜಿಲ್ಲೆಯಾಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಅಲ್ಲಿಯವರೆಗೆ ಹಿರೇಕಟ್ಟೆಯವರು ಏನು ಬರೆದುಕೊಂಡರೂ ಮೈಸೂರಿನ ದಾರಿ ಹಿಡಿಯಬೇಕಾಗಿತ್ತು. ಈಗ ಮದ್ದೂರಿನಲ್ಲಿ ರೈಲು ಹತ್ತಿದರೆ ಡೆಪ್ಯುಟಿ ಕಮಿಷನರ ಕಚೇರಿ. ಆ ಹುಮ್ಮಸ್ಸಿನಲ್ಲೇ ಊರಿನ ಗ್ರಾಮ ಸುಧಾರಣಾ ಸಂಘ ತನ್ನ ತಿಂಗಳ ಸಭೆಯಲ್ಲಿ ಒಂದು ನಿರ್ಣಯ ಮಾಡಿತ್ತು. ಕಾರ್ಯದರ್ಶಿ ಹೊನ್ನಯ್ಯ ಅದನ್ನು ಸಂಘದ ಪುಸ್ತಕದಿಂದ ಇಳಿಸಿ, ಮೇಲೊಂದು ಪತ್ರ ಬರೆದಿದ್ದ:

"ಹಿರೇಕಟ್ಟೆ ಗ್ರಾಮ ಸುಧಾರಣಾ ಸಂಘದ ಕಾರ್ಯದರ್ಶಿಯಾದ ನಾನು ತಮ್ಮ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸಂಘದ ಸಭೆಯು ಇದೇ ತಿಂಗಳು ಒಂಬತ್ತನೇ ತಾರೀಖು ಸರ್ವಾನುಮತದಿಂದ ಅಂಗೀಕರಿಸಿದ ನಾಲ್ಕನೇ ನಿರ್ಣಯದ ನಿಜಪ್ರತಿಯನ್ನು ಇದರ ಸಂಗಡ ಲಗತ್ತು ಮಾಡಿದ್ದೇನೆ. ತಾವು ಪರಾಂಬರಿಸಿ, ಜಾಗ್ರತೆಯಾಗಿ ತಕ್ಕ ಕ್ರಮ ಜರುಗಿಸಬೇಕಾಗಿ ಪ್ರಾರ್ಥನೆ."

ಲಗತ್ತಿನಲ್ಲಿದ್ದದ್ದು ಇಷ್ಟು: ನಾಲೆ ನೀರು ಬಂದಂದಿನಿಂದ ಊರ ಕೆಳಗಿನ ಆದಿಕರ್ನಾಟಕರ ಕೇರಿಯ ಸುತ್ತ ಗದ್ದೆಯ ಬಸಿನೀರು ನಿಂತು, ಚಳಿಜ್ವರ ಬಿಟ್ಟೂಬಿಡದೆ ಕಾಡುತ್ತಿದೆ, ಆ ನೀರು ಹಳ್ಳಕ್ಕೆ ಇಳಿಯುವಂತೆ ಸರ್ಕಾರದವರು ಬಸಿಗಾಲುವೆ ತೋಡಿಸಿಕೊಡಬೇಕೆಂದು ಈ ಸಭೆ ಒತ್ತಾಯಪಡಿಸುತ್ತದೆ. ಅದರ ಕೆಳಗೆ, ಸೂಚಿಸಿದವರು, ನೀರುಗಂಟಿ ಪುಟ್ಟಮಾದಯ್ಯ. ಅನುಮೋದಿಸಿದವರು, ಕೆಂಪಯ್ಯ. ಅಧ್ಯಕ್ಷತೆ, ಶಿವಯ್ಯ.

ಸಭೆಯ ದಿನ ಪಟೇಲರು ಮಳವಳ್ಳಿಯ ಬೀಗರ ಮನೆಗೆ ಹೋಗಿದ್ದರು. ಇದ್ದಿದ್ದರೆ ಪುಟ್ಟಮಾದಯ್ಯ ಬಾಯಿ ಬಿಡುತ್ತಿದ್ದನೋ ಇಲ್ಲವೋ. ಗದ್ದೆಗದ್ದೆಗೆ ನೀರು ತಿರುಗಿಸಿ ಕೊಡುವ ಆ ಮುದುಕ ರಾಮಮಂದಿರದ ಜಗಲಿಯ ಕೆಳಗೆ, ತನ್ನ ಕೇರಿಯ ನಾಲ್ಕು ಜನರ ಜೊತೆ ನಿಂತಿದ್ದ. ಮಾತು ಬಂದಾಗ ಕಂಬಳಿಯನ್ನು ಹೆಗಲಿನಿಂದ ಇಳಿಸಿ, ಶ್ರಾವಣದಿಂದ ಈಚೆಗೆ ಕೇರಿಯಲ್ಲಿ ಹೂತ ಮಕ್ಕಳು ಐದು, ಅದರಲ್ಲಿ ಒಂದು ತನ್ನ ಮೊಮ್ಮಗಳು ಎಂದು ಹೇಳಿ, ನೀರಿಗೆ ದಾರಿ ಬಿಡಿ ಎಂದು ಕೇಳಿ, ಕಂಬಳಿ ಮತ್ತೆ ಹೆಗಲಿಗೆ ಹಾಕಿಕೊಂಡಿದ್ದ. ಯಾರೂ ಎದುರು ಮಾತಾಡಲಿಲ್ಲ.

ಪಟೇಲರು ಎಲೆಅಡಿಕೆಯ ತಟ್ಟೆಯನ್ನು ಹೊನ್ನಯ್ಯನ ಕಡೆ ಸರಿಸಿದರು. ಕಾಗದ ಚೆನ್ನಾಗಿದೆ ಅಂದರು. ಕಾಲುವೆ ಆಗಲೇಬೇಕು, ಜ್ವರಕ್ಕೆ ಮೇಲಿನ ಬೀದಿ ಕೆಳಗಿನ ಬೀದಿ ಅಂತ ಇದೆಯೇ ಅಂದರು. ಆಮೇಲೆ ದನಿ ತಗ್ಗಿಸಿದರು.

"ಒಂದ್ ಕೆಲ್ಸ ಮಾಡು ಹೊನ್ನ. ಆ ಸೂಚಿಸಿದವ್ರು ಅನ್ನೋ ತಾವು ನನ್ನೆಸ್ರು ಬರಿ. ಸಾಹೇಬ್ರು ಒಸಬ್ರು. ನೀರುಗಂಟಿ ಎಸ್ರು ನೋಡಿದ್ರೆ ಕಾಗ್ದಾನ ಅಲ್ಲೇ ಮಡಗ್ಬುಡ್ತಾರೆ. ಪಟೇಲ ಅಂತಿದ್ರೆ ಎದ್ದು ಬತ್ತಾರೆ."

"ಆವತ್ತು ತಾವು ಊರಲ್ಲೇ ಇರ್ಲಿಲ್ವಲ್ಲ ಪಟೇಲ್ರೇ."

"ಅದು ಸಾಹೇಬ್ರಿಗೇನ್ಲಾ ಗೊತ್ತು?"

ಹೊನ್ನಯ್ಯ ಎಲೆಗೆ ಸುಣ್ಣ ಸವರುತ್ತ ಕೂತ. ಪಟೇಲರ ಒಂದೂವರೆ ಎಕರೆ ಗದ್ದೆಯನ್ನು ಅವನು ವಾರಕ್ಕೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ಇವನಿಗೆ. ಅದನ್ನು ಪಟೇಲರು ಬಾಯಿಬಿಟ್ಟು ಹೇಳಲಿಲ್ಲ. ಈ ಸಲ ಪೈರು ಹೆಂಗೈತೆ ಅಂತ ಮಾತ್ರ ಕೇಳಿದರು.

ಮನೆಗೆ ಬಂದು ಹೊನ್ನಯ್ಯ ಇನ್ನೊಂದು ಪ್ರತಿ ಬರೆದ. ಪಟೇಲರ ಹೆಸರು ಹಾಕಿಯೇ ಬರೆದ. ಕೆಲಸ ಆದರೆ ಸಾಕಲ್ಲ, ಹೆಸರಲ್ಲೇನಿದೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಕೆಳಗೆ "ನಿಜಪ್ರತಿ" ಎಂದು ಬರೆದು ರುಜು ಹಾಕುವ ಜಾಗಕ್ಕೆ ಬಂದಾಗ ಲೇಖನಿ ನಿಂತಿತು. ಮಸಿ ಒಣಗಿತು. ಮತ್ತೆ ಅದ್ದಿದ, ಮತ್ತೆ ಒಣಗಿತು.

ಪ್ರತಿ ಶ್ರಾವಣದಲ್ಲಿ ರಾಮಮಂದಿರದಲ್ಲಿ ಪದ್ಯ ಓದುವವನು ಅವನೇ. ಅವನಪ್ಪ ಕಲಿಸಿದ್ದು. ಅರ್ಥ ಹೇಳುವಾಗ ನಿನ್ನ ಬುದ್ಧಿ ಎಷ್ಟು ದೂರ ಹೋಗುತ್ತೋ ಅಷ್ಟು ದೂರ ಹೋಗು, ಪದ್ಯದಲ್ಲಿ ಒಂದಕ್ಷರ ನಿಂದಲ್ಲ, ಕೊನೆಯ ಅಂಕಿತ ಅಂತೂ ಮುಟ್ಟಲೇಬೇಡ, ಅಂಕಿತ ಅಳಿಸಿದವನು ಕವಿಯ ಮನೆಗೆ ಕನ್ನ ಹಾಕಿದವನು ಅಂತ ಅಪ್ಪ ಹೇಳುತ್ತಿದ್ದ. ಒಂದು ವರ್ಷ ಹೊನ್ನಯ್ಯ ನಿದ್ದೆಗಣ್ಣಿನಲ್ಲಿ ಒಂದು ಸಾಲು ನುಂಗಿ ಮುಂದೆ ಹೋಗಿದ್ದ. ಜಗಲಿಯ ಮೇಲೆ ಕೂತ ದೊಡ್ಡವರು ಯಾರಿಗೂ ತಿಳಿಯಲಿಲ್ಲ. ಕೆಳಗೆ ಕತ್ತಲಲ್ಲಿ ನಿಂತ ಪುಟ್ಟಮಾದಯ್ಯ ಮೆಲ್ಲಗೆ ಕೆಮ್ಮಿದ್ದ. ಹೊನ್ನಯ್ಯ ಹಿಂದಕ್ಕೆ ಹೋಗಿ ಆ ಸಾಲನ್ನು ಹೇಳಿ ಬಂದಿದ್ದ.

ಹೆಂಡತಿ ಇಂದ್ರಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಎರಡೂ ಕಾಗದ ನೋಡಿದಳು. ಓದು ಬಾರದು, ಒಂದಕ್ಕೆ ರುಜು ಇದೆ, ಒಂದಕ್ಕಿಲ್ಲ ಎಂಬುದು ಕಂಡಿತು.

"ರುಜು ಆಕಾಕೆ ಕೈ ಬರ್ದೇ ಇರೋ ಕಾಗ್ದಾನ ಯಾಕ್ ಬರುದ್ರಿ?" ಅಂದಳು.

ಹೊನ್ನಯ್ಯ ಎರಡನ್ನೂ ಮಡಿಸಿಕೊಂಡು ತೂಬಿನ ಕಡೆ ನಡೆದ.

ಪುಟ್ಟಮಾದಯ್ಯ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಾಯಿಗಾಲುವೆಗೆ ಮಣ್ಣಿನ ಹೆಂಟೆ ಮೆತ್ತುತ್ತಿದ್ದ. ಪಟೇಲರು ಹೇಳಿದ್ದನ್ನು ಹೊನ್ನಯ್ಯ ಒಂದೂ ಬಿಡದೆ ಹೇಳಿದ. ಮುದುಕ ನಕ್ಕ. ನನ್ನೆಸರು ಕಟ್ಟಿಕೊಂಡು ಏನಾಗಬೇಕು, ಬುದ್ದಿ, ನೀರು ಇಳಿದರೆ ಸಾಕು, ಅಂದ. ಹೆಂಟೆ ಮೆತ್ತುವುದನ್ನು ಮುಂದುವರಿಸಿದ. ಆಮೇಲೆ ಕೈ ನಿಲ್ಲಿಸಿದ.

"ಓವರ್ಸೀರು ಬತ್ತಾರಲ್ಲ ಬುದ್ದಿ, ಕಾಲ್ವೆ ಜಾಡು ನೋಡಾಕೆ. ನಾಲೆ ತೋಡೋವಾಗ್ಲೂ ಅಂಗೇ. ಅರ್ಜಿ ಕೊಟ್ಟೋರ್ ಯಾರು, ಬಂದು ಜಾಗ ತೋರ್ಸಿ ಅಂತಾರೆ. ಅದ್ಯಾರೆಸ್ರಲ್ಲಿ ಐತೋ ಅವ್ರೇ ಮುಂದೆ ನಡೀಬೇಕು."

ಹೊನ್ನಯ್ಯ ಸುತ್ತ ನೋಡಿದ. ಕೇರಿಯಿಂದ ಹಳ್ಳಕ್ಕೆ ಇಳಿಜಾರು ಇರುವುದು ಒಂದೇ ಕಡೆ. ಪಟೇಲರ ಮೂಲೆಗದ್ದೆಯ ನಡುವೆ. ತೋಪಿನ ಕಡೆಯಿಂದಲೂ ಕಾಲುವೆ ತೋಡಬಹುದು. ನೋಡಲು ನೆಟ್ಟಗೆ ಚೆನ್ನಾಗಿಯೂ ಇರುತ್ತದೆ. ಆದರೆ ಅಲ್ಲಿ ನೆಲ ಏರು.

"ತೋಪಿನ ಕಡೆ ತೋರ್ಸಿದ್ರೆ?"

"ಕಾಲ್ವೆ ಆಯ್ತದೆ. ನೀರು ಓಗಾಕಿಲ್ಲ." ಪುಟ್ಟಮಾದಯ್ಯ ಕೆಸರಿನ ಕೈಯನ್ನು ನೀರಿಗೆ ಅದ್ದಿ ತೊಳೆದ. "ನೀರ್ಗೆ ಪಟೇಲ್ರು ಗೊತ್ತಿಲ್ಲ, ಬುದ್ದಿ. ತಗ್ಗು ಒಂದೇ ಗೊತ್ತಿರೋದು."

ರುಜು ಇಲ್ಲದ ಪ್ರತಿಯನ್ನು ಹೊನ್ನಯ್ಯ ಅಲ್ಲೇ ನಾಲ್ಕು ಚೂರು ಮಾಡಿ ಕಾಲುವೆಗೆ ಬಿಟ್ಟ. ಅವು ಪಟೇಲರ ಗದ್ದೆಯ ಕಡೆಗೇ ತೇಲಿಹೋದವು.

ಮಾರನೇ ದಿನ ಬುತ್ತಿ ಕಟ್ಟಿಸಿಕೊಂಡು ಮದ್ದೂರಿನವರೆಗೆ ನಡೆದ. ಮಂಡ್ಯದ ಕಚೇರಿಯಲ್ಲಿ ಟಪಾಲು ತೆಗೆದುಕೊಳ್ಳುತ್ತಿದ್ದ ಗುಮಾಸ್ತ ಸಂಪತ್ ಕುಮಾರ, ನಾಮ ಹಾಕಿಕೊಂಡ ಎಳೆಯ ವಯಸ್ಸಿನವನು, ಕಾಗದವನ್ನು ಕೊನೆಯತನಕ ಓದಿದ. ಒಳ್ಳೆಯವನೇ. ಒಳ್ಳೆಯದಕ್ಕೇ ಹೇಳಿದ: ಸೂಚಿಸಿದವರು, ಅನುಮೋದಿಸಿದವರು ಎಲ್ಲ ಸಂಘದ ಪುಸ್ತಕದಲ್ಲಿದ್ದರೆ ಸಾಕು, ಸರ್ವಾನುಮತ ಎಂದ ಮೇಲೆ ಹೆಸರು ಯಾಕೆ, ಆ ಸಾಲು ಬಿಟ್ಟು ಬೇರೆ ಬರೆದುಕೊಡಿ, ಮೇಲೆ ಕೂತವರ ಕಣ್ಣಿಗೆ ಚುಚ್ಚುವಂಥದ್ದು ಇರಬಾರದು. "ಒತ್ತಾಯಪಡಿಸುತ್ತದೆ" ಅನ್ನುವುದೂ ಸ್ವಲ್ಪ ಖಾರವಾಯಿತು ಅಂದ.

"ಮೇಲಿನ ಪತ್ರ ನಂದು ಸ್ವಾಮಿ," ಅಂದ ಹೊನ್ನಯ್ಯ. "ಅದ್ರಲ್ಲಿ ಪ್ರಾರ್ಥನೆ ಅಂತ್ಲೇ ಬರ್ದಿದೀನಿ. ಬೇಕಾದ್ರೆ ಇನ್ನೆರಡು ಸಲ ಬರೀತೀನಿ. ನಿರ್ಣಯ ಸಭೆದು. ಅದ್ರಲ್ಲಿ ಒಂದಕ್ಷರ ತೆಗ್ದ್ರೆ ಕೆಳ್ಗೆ ನಿಜಪ್ರತಿ ಅಂತ ಹೆಂಗೆ ಬರೀಲಿ?"

ಗುಮಾಸ್ತ ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಂಡ. ಹೀಗೇ ಕೊಟ್ಟು ಕೆಲಸ ಆಗದಿದ್ದರೆ ನನ್ನನ್ನು ಅನ್ನಬೇಡಿ ಎಂದ. ಅನ್ನುವುದಿಲ್ಲ ಎಂದ ಹೊನ್ನಯ್ಯ. ಆದರೆ ತನಗೆಂದು ಬರೆದು ತಂದಿದ್ದ ಇನ್ನೊಂದು ಪ್ರತಿಯ ಮೇಲೂ ಕಚೇರಿಯ ಮೊಹರು, ತಾರೀಖು ಬೀಳುವ ತನಕ ಮೇಜಿನ ಮುಂದಿನಿಂದ ಕದಲಲಿಲ್ಲ. ಹಿಂದೆ ನಿಂತವರು ಗೊಣಗಿದರು. ಕೊನೆಗೆ ಸಂಪತ್ ಕುಮಾರ ಪುಸ್ತಕದಲ್ಲಿ ಬರೆದುಕೊಂಡು, ಮೊಹರು ಎತ್ತಿ, ಬೇಕಾದದ್ದಕ್ಕಿಂತ ಜೋರಾಗಿಯೇ ಕುಟ್ಟಿದ.

ಸುದ್ದಿ ಹೊನ್ನಯ್ಯನಿಗಿಂತ ಮುಂಚೆ ಊರು ಸೇರಿತ್ತು. ವಾರ ಕಳೆಯುವುದರೊಳಗೆ ಪಟೇಲರ ಆಳು ಬಂದು, ಈ ಕೊಯ್ಲಾದ ಮೇಲೆ ಒಂದೂವರೆ ಎಕರೆಗೆ ಬೇರೆಯವರು ಬರುತ್ತಾರಂತೆ ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದ. ಇಂದ್ರಮ್ಮ ಆ ದಿನವೆಲ್ಲ ರಾಗಿ ಬೀಸಿದಳು. ಕಲ್ಲು ಮಾಮೂಲಿಗಿಂತ ಜೋರಾಗಿ ತಿರುಗಿತು. ಸಂಜೆ ಮುದ್ದೆ ಬಡಿಸುತ್ತ, ನಮ್ಮ ಹೊಲ ಒಂದು ಇದೆಯಲ್ಲ, ಅದನ್ನೇನು ಅವರಪ್ಪ ಕೊಟ್ಟನೇ ಅಂದಳು. ಹೊನ್ನಯ್ಯನಿಗೆ ಅಷ್ಟು ಸಾಕಾಯಿತು.

ಆಶ್ವೀಜದ ಕೊನೆಗೆ ಕಚೇರಿಯಿಂದ ಸಂಘಕ್ಕೆ ಕಾಗದ ಬಂತು. ಸಂಘದ ನಿರ್ಣಯವನ್ನು ನಾಲಾ ಎಂಜಿನಿಯರಿಗೆ ಕಳುಹಿಸಲಾಗಿದೆ. ಓವರ್ಸೀಯರ್ ಇಂಥ ದಿನ ಸ್ಥಳ ತನಿಖೆಗೆ ಬರುತ್ತಾರೆ. ನಿರ್ಣಯ ಸೂಚಿಸಿದವರು ಹಾಜರಿದ್ದು ಜಾಗ ತೋರಿಸತಕ್ಕದ್ದು.

ಓವರ್ಸೀಯರ್ ಅನಂತರಾಮು ಸೈಕಲ್ಲಿನಲ್ಲಿ ಬಂದ. ಪಟೇಲರು ಮುಂಚೆಯೇ ಎಳನೀರು ಕೆತ್ತಿಸಿ ಇಟ್ಟು, ಜರಿ ರುಮಾಲು ಸುತ್ತಿ ನಿಂತಿದ್ದರು. ಬನ್ನಿ, ತೋಪಿನ ಕಡೆಯಿಂದ ನೋಡೋಣ, ಅಲ್ಲಿ ನೆಲ ಒಣಗಿದೆ, ಬೂಟು ಕೆಡುವುದಿಲ್ಲ ಎಂದು ಕೈ ತೋರಿದರು. ಓವರ್ಸೀಯರ್ ಎಳನೀರು ಕುಡಿದು, ಬಾಯಿ ಒರೆಸಿಕೊಂಡು, ಕಾಗದ ಬಿಚ್ಚಿದ.

"ಪುಟ್ಟಮಾದಯ್ಯ ಅನ್ನೋರು ಯಾರು?"

ಪುಟ್ಟಮಾದಯ್ಯ ಗುಂಪಿನ ಹಿಂದೆ, ಕೇರಿಯವರ ನಡುವೆ ತಲೆ ಬಗ್ಗಿಸಿ ನಿಂತಿದ್ದ. ಪಟೇಲರು, ಅವನೊಬ್ಬ ನೀರುಗಂಟಿ, ಮುದುಕ, ಅವನಿಗೇನು ತಿಳಿಯುತ್ತೆ ಅಂದರು. ಹೊನ್ನಯ್ಯ ಹಿಂದಕ್ಕೆ ತಿರುಗಿದ. ಕರೆಯಲಿಲ್ಲ. ಮೆಲ್ಲಗೆ ಕೆಮ್ಮಿದ.

ಮುದುಕ ತಲೆಯೆತ್ತಿ ಅವನನ್ನು ನೋಡಿದ. ಕಂಬಳಿಯನ್ನು ಹೆಗಲಿನಿಂದ ಇಳಿಸಿ ಪಕ್ಕದವನ ಕೈಗೆ ಕೊಟ್ಟ. ಗುಂಪು ಎರಡಾಗಿ ಸರಿಯಿತು.

"ನಾನೇ ಬುದ್ದಿ. ಬನ್ನಿ. ಬೂಟು ಬಿಚ್ಬುಡಿ, ಕೆಸ್ರೈತೆ."

ಕೇರಿಯ ಹಿಂದಿನ ನಿಂತ ನೀರಿನಿಂದ ಹೊರಟು, ಕೋಲು ಊರುತ್ತ, ಅವನು ಸೀದಾ ನಡೆದ. ಓವರ್ಸೀಯರ್ ಬೂಟು ಕೈಯಲ್ಲಿ ಹಿಡಿದು ಹಿಂದೆ, ಗೂಟಗಳ ಕಟ್ಟು ಹೊತ್ತ ಹೊನ್ನಯ್ಯ ಅವನ ಹಿಂದೆ. ಮೂಲೆಗದ್ದೆಯ ಬದುವಿನ ಮೇಲೆ ಪಟೇಲರು ಅಡ್ಡ ಬಂದು ನಿಂತರು.

"ಯಾರ ಗದ್ದೆ ಅಂತ ಗೊತ್ತೇನ್ಲಾ ಪುಟ್ಟಮಾದ?"

"ಗೊತ್ತು ಪಟೇಲ್ರೇ. ನಾಲೆ ಬಂದಾಗಿಂದ ಇದುಕ್ಕೆ ನೀರ್ ಬುಡ್ತಿರೋನು ನಾನೇ." ಪುಟ್ಟಮಾದಯ್ಯ ದನಿ ಏರಿಸಲಿಲ್ಲ. "ಇವತ್ತು ತಗೀತೀನಿ."

ಬದು ಬಿಟ್ಟು ಅವನು ಪಕ್ಕದ ಕೆಸರಿಗೆ ಇಳಿದು, ಅವರನ್ನು ಬಳಸಿಕೊಂಡು, ಹಸಿರು ಪೈರಿನ ನಡುವೆ ಕಾಲಿಟ್ಟ. ಒಂದು ಸಸಿ ತುಳಿಯದ ಹಾಗೆ, ಸಾಲು ನೋಡಿಕೊಂಡು ನಡೆದ. ಗದ್ದೆಯ ನಟ್ಟನಡುವೆ ನಿಂತು ಕೋಲನ್ನು ಊರಿದ. ಓವರ್ಸೀಯರ್ ಮಟ್ಟ ನೋಡುವ ಸಲಕರಣೆ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಪುಸ್ತಕದಲ್ಲಿ ಏನೋ ಬರೆದುಕೊಂಡು ಸರಿ ಎಂದು ತಲೆಯಾಡಿಸಿದ.

ಹೊನ್ನಯ್ಯ ಮೊದಲ ಗೂಟವನ್ನು ಆ ಕೋಲಿನ ಪಕ್ಕದಲ್ಲಿ ಇಟ್ಟು ಕೊಡತಿ ಎತ್ತಿದ. ಬದುವಿನ ಮೇಲಿಂದ ಪಟೇಲರು ನೋಡುತ್ತಿದ್ದರು. ಮಂಡ್ಯದ ಗುಮಾಸ್ತ ಮೊಹರು ಕುಟ್ಟಿದ ಹಾಗೆಯೇ, ಹೊನ್ನಯ್ಯ ಗೂಟವನ್ನು ಬೇಕಾದದ್ದಕ್ಕಿಂತ ಜೋರಾಗಿ ಕುಟ್ಟಿದ.