ಒಂದು ಫೋನಿಗೆ ಮೂರು ಕಿವಿ

ವಿಜಯಮಹಾಂತೇಶನಿಗೆ ಇಳಕಲ್ಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಮದುವೆಯಾದ ಮೂರು ತಿಂಗಳಿಗೆ ಒಂದು ದಿನ ಷಟರ್ ಎಳೆದು ಹೆಂಡತಿ ಮಹೇಶ್ವರಿಯನ್ನು ಬಾದಾಮಿ ತೋರಿಸಲು ಕರೆದುಕೊಂಡು ಹೊರಟ. ಬುತ್ತಿಗಿಂತ ಮೊದಲು ಅವನು ಚೀಲಕ್ಕೆ ಹಾಕಿದ್ದು ಎರಡು ಜೊತೆ ಇಯರ್‌ಬಡ್ಸ್. ಫೋನಿಗೆ ಸಿನಿಮಾ ಇಳಿಸಿಕೊಂಡೂ ಆಗಿತ್ತು.

ಬಸ್ಸು ಹುನಗುಂದ ದಾಟುವಷ್ಟರಲ್ಲಿ ಅವನ ಕೈಚಳಕ ಶುರುವಾಯಿತು. ಬ್ಲೂಟೂತ್‌ನಲ್ಲಿ ಎರಡೂ ಜೊತೆಯನ್ನು ಸೇರಿಸಿ, ಆಡಿಯೊ ಎಲ್ಲಿಗೆ ಹೋಗಬೇಕೆಂದು ಕೇಳುವ ಕಡೆ ಎರಡಕ್ಕೂ ಟಿಕ್ ಹಾಕಿದ.

"ನೋಡಿಲ್ಲೆ, ಇದು ನಂದು, ಇದು ನಿಂದು. ದನಿ ಏರಸೂದು ಇಳಸೂದು ಬ್ಯಾರೆ ಬ್ಯಾರೆ. ಇನ್ನ ಒಂದs ಜೋಡಿ ಹಂಚಿಕೊಂಡು ಕೇಳೂ ಬಡತನ ಸಾಕು," ಎಂದ. ಎಲ್ಲ ಫೋನೂ ಹೀಗೆ ಮಾಡುವುದಿಲ್ಲ, ತನ್ನದು ಮಾಡುತ್ತದೆ ಎಂಬ ಜಂಬ ಬೇರೆ.

ಮಹೇಶ್ವರಿ ನಕ್ಕಳು. ಆದರೆ ಅವಳಿಗೆ ಆ ಬಡತನವೇ ಚೆನ್ನಾಗಿತ್ತು. ಅವನೊಂದು ಬಡ್, ಇವಳೊಂದು ಬಡ್. ತನ್ನದನ್ನು ಎಡಗಿವಿಗೆ ಸಿಕ್ಕಿಸಿಕೊಂಡರೆ ಮುಗಿಯಿತು, ಯಾರಿಗೂ ಅನುಮಾನವಿಲ್ಲ. ಆರನೇ ವರ್ಷದಲ್ಲಿ ಮಂಗನಬಾವು ಬಂದು ಹೋದಾಗ ಬಲಗಿವಿಯ ಕೇಳುವಿಕೆಯನ್ನೂ ಹೊತ್ತುಕೊಂಡು ಹೋಗಿತ್ತು. ಗುಳೇದಗುಡ್ಡದ ತವರಿನಲ್ಲಿ ಮಗ್ಗದ ಸದ್ದಿಗೆ ಎಲ್ಲರೂ ಒದರಿಯೇ ಮಾತಾಡುತ್ತಿದ್ದರಿಂದ ಅದೊಂದು ಕೊರತೆ ಅನ್ನಿಸಿರಲೂ ಇಲ್ಲ. ಹೆಣ್ಣು ನೋಡಲು ಬಂದ ದಿನ ಮಾತ್ರ ಅವ್ವ ಗಟ್ಟಿಯಾಗಿ ಹೇಳಿದ್ದಳು: "ಕಿವಿ ಮಾತು ಎತ್ತಬ್ಯಾಡ. ಗೊತ್ತಾದ್ರ ನಿನ್ನ ತಂದು ಇಲ್ಲೇ ಬಿಡ್ತಾರ." ಆ ಹೆದರಿಕೆಯನ್ನು ಅವಳು ಮೂರು ತಿಂಗಳಿಂದ ಹೊತ್ತು ತಿರುಗುತ್ತಿದ್ದಳು.

ಸಿನಿಮಾ ಚೆನ್ನಾಗಿಯೇ ಸಾಗಿತು. ಮಾತುಗಳೆಲ್ಲ ಎಡಗಿವಿಗೂ ಬರುತ್ತಿದ್ದವು. ಅಮೀನಗಡ ದಾಟಿದ ಮೇಲೆ ಒಂದು ದೃಶ್ಯ: ತಾಯಿ ಮಗುವನ್ನು ಹುಡುಕುತ್ತಾ ನಿಂತಿದ್ದಾಳೆ, ಸುತ್ತ ಮೌನ. ವಿಜಯಮಹಾಂತೇಶ ತಟ್ಟನೆ ಬಲಕ್ಕೆ ಕತ್ತು ಹೊರಳಿಸಿದ. ಆಮೇಲೆ ತನಗೆ ತಾನೇ ನಕ್ಕು ಸಿನಿಮಾ ನಿಲ್ಲಿಸಿದ.

"ಯಾರೋ ಖರೇನs ಬಲಗಡಿಂದ ಕರದಂಗಾತು ನೋಡು! ಆ ಕೂಸು ಏನಂತು, ಕೇಳಿದಿ?"

"ಹೂಂರಿ."

"ಏನಂತು?"

ಅವಳು ಪರದೆಯ ಮೇಲಿನ ತಾಯಿಯನ್ನೇ ನೋಡಿದಳು. ಅವನ ಮುಖ ಗಂಟಾಯಿತು, ಅವಳ ಮೇಲಲ್ಲ, ಮಾಲಿನ ಮೇಲೆ. "ಬಲಗಡಿ ಬಡ್ ಸತ್ತೈತಿ. ಹೊಸಾ ಮಾಲಿನ ಹಣೇಬರಾ ಇಷ್ಟ!" ಅವಳ ಕಡೆಯ ದನಿ ಏರಿಸಿ ಹತ್ತು ಸೆಕೆಂಡು ಹಿಂದಕ್ಕೆ ತಂದ. ಎಡಗಿವಿ ಗುಂಯ್ ಎಂದಿತೇ ಹೊರತು ಮಗು ಕರೆಯಲಿಲ್ಲ. ಮತ್ತೊಮ್ಮೆ ಹಿಂದಕ್ಕೆ ತಂದ. ಕೊನೆಗೆ ಅವಳ ಬಲಗಿವಿಯ ಬಡ್ ತೆಗೆದು, ಕಿಟಕಿಯ ಬಿಸಿಲಿಗೆ ಹಿಡಿದು ನೋಡಿ, ಅಂಗಿಗೆ ಒರೆಸಿ, ತನ್ನ ಕಿವಿಗೆ ಹಾಕಿಕೊಂಡು ನೋಡಿದ.

"ಚಲೋನs ಐತಲ್ಲ. ಕಿವ್ಯಾಗ ಸರಿ ಕುಂತಿರಲಿಲ್ಲ ಅನಸ್ತೈತಿ," ಎಂದು ಮರಳಿ ಚಾಚಿದ.

ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಅವನೇ ದಾರಿ ಮಾಡಿಕೊಟ್ಟಿದ್ದ. ಆದರೆ ಬಿಸಿಲಿನಲ್ಲಿ ಬಡ್ಡನ್ನು ಹೊರಳಿಸಿ ಹೊರಳಿಸಿ ನೋಡಿದ ಆ ತಾಳ್ಮೆ ಕಂಡು ಅವಳಿಗೆ ನಾಚಿಕೆಯಾಯಿತು. ಈ ಮನುಷ್ಯನಿಗೆ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಅದಕ್ಕೇನೂ ಆಗಿಲ್ರಿ. ನನ್ನ ಬಲಗಿವೀನs ಕೇಳಂಗಿಲ್ಲ. ಸಣ್ಣಾಕಿದ್ದಾಗಿಂದ."

ಅವನು ಬಡ್ ಹಿಡಿದ ಕೈ ಹಾಗೆಯೇ ನಿಂತಿತು. "ನಿಮ್ಮವ್ವಗ ಗೊತ್ತಿತ್ತೇನು?"

"ಗೊತ್ತಿತ್ತರಿ. ಹೇಳಬ್ಯಾಡ ಅಂದಿದ್ಲು. ನಾನs ಹೇಳಬೇಕಿತ್ತು."

ಅವನು ಫೋನ್ ಎತ್ತಿಕೊಂಡ. ಬೆರಳು ಪರದೆಯ ಮೇಲೆ ಓಡುತ್ತಿತ್ತು. ತವರಿಗೆ ಫೋನ್ ಹಚ್ಚುತ್ತಾನೆ ಎಂದುಕೊಂಡಳು. ಗುಳೇದಗುಡ್ಡ ಹತ್ತಿರ ಬರುತ್ತಿತ್ತು, ಅಲ್ಲೇ ಇಳಿಸಿಬಿಟ್ಟರೆ? ಕಣ್ಣು ತುಂಬಿ ಬಂದವು, ಕಿಟಕಿಯ ಕಡೆ ತಿರುಗಿದಳು.

ಅವನು ತೋಳು ಮುಟ್ಟಿ ಕರೆದ. ಸೆಟ್ಟಿಂಗ್ಸ್ ತೆರೆದಿತ್ತು. ಮೋನೊ ಆಡಿಯೊ ಎಂಬ ಸಾಲಿನ ಮುಂದಿನ ಗುಂಡಿ ನೀಲಿಯಾಗಿತ್ತು. ಸಿನಿಮಾವನ್ನು ಮತ್ತೆ ಹಿಂದಕ್ಕೆ ತಂದ. ಅದೇ ತಾಯಿ, ಅದೇ ಮೌನ. ಈ ಸಲ ಎಡಗಿವಿಯಲ್ಲೇ ಮಗು ಕೂಗಿತು: "ಅವ್ವಾ, ಬಾಗಿಲಾ ತಗಿ!"

"ಕೇಳ್ತು," ಎಂದಳು ಮಹೇಶ್ವರಿ. ಅಳುವೂ ನಗುವೂ ಒಟ್ಟಿಗೇ ಬಂದವು. "ಇದೇನ ಮಾಡಿದ್ರಿ?"

"ಎಡಾ ಬಲಾ ಎರಡೂ ಕೂಡಿಸಿ ಎರಡೂ ಕಡಿ ಕಳಸ್ತೈತಿ."

"ಹಂಗಾರ ನಿಮಗ?"

"ಫೋನ್ ಒಂದs ಐತಲ್ಲ, ನನಗೂ ಹಂಗs ಕೇಳ್ತೈತಿ. ಈಗ ಬರೇ ಬಲಗಡಿಂದ ಯಾರೂ ಕರಿಯಂಗಿಲ್ಲ." ಅವನು ನಗಲಿಲ್ಲ. "ಮೂರ ತಿಂಗಳು ನನ್ನ ಕೂಡ ಅಂಜಿಕೊಂಡs ಇದ್ದೆಲ್ಲ, ಮಾರಾಯ್ತಿ. ಅದು ಭಾಳ ಕೆಟ್ಟ ಅನಸ್ತು ನನಗ."

ತವರೂರು ಬಂತು, ಹೋಯಿತು. ಯಾರೂ ಇಳಿಸಲಿಲ್ಲ. ಮಲಗುವಾಗ ಅವನು ಬಲಗಿವಿಯ ಹತ್ತಿರ ಬಂದು ಮೆಲ್ಲಗೆ ಏನೇನೋ ಹೇಳುತ್ತಿದ್ದುದು, ತಾನು ಹೂಂ ಹೂಂ ಎನ್ನುತ್ತಿದ್ದುದು ಅವಳಿಗೆ ನೆನಪಾಯಿತು. ಉಸಿರು ತಾಗುತ್ತಿತ್ತು, ಮಾತು ಒಂದೂ ತಿಳಿದಿರಲಿಲ್ಲ.

"ರೀ," ಎಂದಳು, "ರಾತ್ರಿ ನನ್ನ ಕಿವ್ಯಾಗ ಏನ ಹೇಳತಿದ್ರಿ? ನನಗ ಒಂದೂ ಕೇಳಿಲ್ಲ. ಮೊದಲಿಂದ ಎಲ್ಲಾ ಹೇಳ್ರಿ."