ಅರವತ್ತೊಂಬತ್ತು ಮೂಟೆ

ಪ್ರಣಮ್ಯಾ ಸಿಮೆಂಟ್ ಮೂಟೆಗಳನ್ನು ಎರಡನೇ ಸಲ ಎಣಿಸಿದಳು. ಅರವತ್ತೊಂಬತ್ತು. ಅವಳು ಬರೆದುಕೊಟ್ಟದ್ದು ಐವತ್ತೇಳು. ಸಿವಿಲ್ ಡಿಪ್ಲೊಮಾ ಮುಗಿಸಿ ಇನ್ನೂ ವರ್ಷ ತುಂಬದ ಹುಡುಗಿಗೆ ಮೈಯೆಲ್ಲ ಉರಿಯಿತು.

ಚೆನ್ನೈ ಎಗ್ಮೋರಿನ ಆ ಹೋಟೆಲು ಅವಳ ಸೋದರಮಾವ ಮಧ್ವರಾಜನದು. ರೈಲ್ವೆಯಲ್ಲಿದ್ದ ಅಪ್ಪ ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಡಬೇಕಾಗಿ ಬಂದಾಗ, ಮಾವನೇ ದೊಡ್ಡ ಮನಸ್ಸು ಮಾಡಿದವನಂತೆ ಅಮ್ಮನಿಗೆ ಹೇಳಿದ್ದ: ಹೋಟೆಲಿನ ಹಿಂಭಾಗಕ್ಕೆ ಮೂವತ್ತಕ್ಕೆ ಇಪ್ಪತ್ತಡಿಯ ಸ್ಲ್ಯಾಬ್ ಹಾಕಿಸೋಣ, ಸಾಮಾನು ನಿನ್ನದು, ಕೂಲಿ ನನ್ನದು, ಮೇಲೆ ಜಾಗ ಆಗ್ತದೆ. ಅಮ್ಮ ಕಲಾವತಿ ಅಣ್ಣನ ಮಾತನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡಳು. ಅಪ್ಪನ ಪಿಎಫ್ ಹಣ ತೆಗೆದು ಎಪ್ಪತ್ತಾರು ಸಾವಿರ ಕೊಟ್ಟಳು. ಆ ಮೊತ್ತ ಪ್ರಣಮ್ಯಾ ಹಾಕಿದ ಲೆಕ್ಕ: ಐದಿಂಚು ದಪ್ಪಕ್ಕೆ ಇನ್ನೂರೈವತ್ತು ಘನ ಅಡಿ ಕಾಂಕ್ರೀಟು. ಒಣ ಸಾಮಾನು ನೀರು ಬಿದ್ದು ಕುಗ್ಗುವುದರಿಂದ ಅದರ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಬೇಕು. ಸಿಮೆಂಟು ಒಂದು ಪಾಲು, ಮರಳು ಒಂದೂವರೆ, ಜಲ್ಲಿ ಮೂರು. ಮೂಟೆ ಐವತ್ತೇಳು, ಮರಳು ನೂರೈದು ಘನ ಅಡಿ, ಜಲ್ಲಿ ಇನ್ನೂರ ಹತ್ತು, ಕಬ್ಬಿಣ ಐನೂರ ಎಪ್ಪತ್ತು ಕಿಲೋ. ತೊಲೆಗಳು ಬೇರೆ, ಅವನ್ನು ಮಾವ ಮೊದಲೇ ಹಾಕಿಸಿದ್ದ. ಲೆಕ್ಕ ಬರೆಯುವಾಗ ಅಡುಗೆಮನೆ ಎಲ್ಲಿ, ಅಮ್ಮನ ಹಾಸಿಗೆ ಎಲ್ಲಿ ಎಂದು ಅವಳು ಮನಸ್ಸಿನಲ್ಲೇ ಗೋಡೆ ಎಬ್ಬಿಸಿಯೂ ಆಗಿತ್ತು.

ಈಗ ನೋಡಿದರೆ ಹನ್ನೆರಡು ಮೂಟೆ ಹೆಚ್ಚು. ಕಬ್ಬಿಣದ ತೂಕದ ಚೀಟಿಯಲ್ಲಿ ಎಂಟುನೂರೈವತ್ತು ಕಿಲೋ.

"ಮೇಸ್ತ್ರಿ, ಇದೆಂತ ಇದು? ನಿಮ್ಮ ಬೇರೆ ಸೈಟಿಗೂ ನಮ್ಮ ಹಣದಲ್ಲೇ ಕಬ್ಬಿಣವಾ?" ಎಂದು ಅವಳು ಕೂಗಿದಳು. ತಟ್ಟೆ ತೊಳೆಯುತ್ತಿದ್ದವರು, ಸಪ್ಲೈಯರುಗಳು, ಎಲ್ಲರೂ ಹಿತ್ತಲಿಗೆ ಇಣುಕಿದರು. ಅವಳಿಗೆ ಅದು ಬೇಕೇ ಇತ್ತು. ಅಮ್ಮನ ದುಡ್ಡು ಉಳಿಸುತ್ತಿದ್ದೇನೆಂಬ ಸಂತೋಷದಲ್ಲಿ ಹುಡುಗಿಗೆ ನಾಲಿಗೆಯ ಮೇಲೆ ಹಿಡಿತವಿರಲಿಲ್ಲ.

ಮೇಸ್ತ್ರಿ ಏಳುಮಲೈ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಕಳ್ಳ ಎನ್ನಿಸಿಕೊಂಡದ್ದು ಅವನಿಗೆ ಚುಚ್ಚಿತ್ತು. "ಆರಿಂಚು ಅಮ್ಮಾ, ಐದಲ್ಲ. ಇದು ವೀಡು ಇಲ್ಲೆ, ಏಸಿ ಹಾಲ್. ಎಂಜಿನಿಯರ್ ಪ್ಲಾನ್ ಕೊಟ್ಟಿದಾರೆ. ಮೊದಲಾಳಿ, ನಿಮ್ಮ ಮಾವ, ನಿಮಗೆ ಹೇಳಿಲ್ವಾ?"

ವೀಡು ಇಲ್ಲ. ಮನೆಯಲ್ಲ. ಪ್ರಣಮ್ಯಾಳಿಗೆ ಓದಿದ್ದು ನೆನಪಾಯಿತು: ಮನೆಗಾದರೆ ಚದರ ಮೀಟರಿಗೆ ಇನ್ನೂರು ಕಿಲೋ ಭಾರ ಹಿಡಿಯಬೇಕು, ಜನ ಸೇರಿ ಉಣ್ಣುವ ಹಾಲಿಗೆ ನಾನೂರು.

ಗದ್ದಲ ಕೇಳಿ ಮಧ್ವರಾಜ ಕ್ಯಾಷ್ ಬಿಟ್ಟು ಎದ್ದು ಬಂದ. ಅವನ ಹಿಂದೆ ಅಡುಗೆಮನೆಯಿಂದ ಕಲಾವತಿಯೂ ಬಂದಳು. ಅಣ್ಣನ ಉಪಕಾರಕ್ಕೆಂದು ಒಂದು ವಾರದಿಂದ ಅಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು.

"ಮಾವ, ಮೇಲೆ ನಮ್ಮ ಮನೆ ಅಂತ..."

"ಮನೆ ಅಂತ ಯಾರು ಹೇಳಿದ್ದು? ಜಾಗ ಅಂದೆ. ಜಾಗ ಉಂಟಲ್ಲ, ಸ್ಟೋರಿನಲ್ಲಿ. ಅಕ್ಕಿ ಮೂಟೆ ಸರಿಸಿದ್ರೆ ಇಬ್ಬರು ಆರಾಮಾಗಿ ಮಲಗ್ಬಹುದು." ಮುಖದಲ್ಲಿ ನಾಚಿಕೆಯ ಗೆರೆಯೂ ಇರಲಿಲ್ಲ. "ನೀನು ಡಿಪ್ಲೊಮಾ ಅಲ್ವಾ? ಆರಿಂಚಿಗೆ ಲೆಕ್ಕ ಹಾಕು ನೋಡುವ. ಮೇಸ್ತ್ರಿ ನಿಜವಾಗಿ ಕದ್ದಿದ್ರೆ ಈಗ್ಲೇ ಓಡಿಸ್ತೇನೆ."

ಅವಳು ಮೊಬೈಲಿನಲ್ಲಿ ಲೆಕ್ಕ ಹಾಕಿದಳು. ಒಂದು ಮೂಟೆಯಾದರೂ ಹೆಚ್ಚಿರಲಿ, ಹಿಡಿದುಕೊಳ್ಳಲು ಏನಾದರೂ ಸಿಗಲಿ ಎಂದು ಹಾತೊರೆದಳು. ಮುನ್ನೂರು ಘನ ಅಡಿ. ಸಿಮೆಂಟು ಸರಿಯಾಗಿ ಅರವತ್ತೊಂಬತ್ತು. ಆ ಭಾರಕ್ಕೆ ಕಬ್ಬಿಣವೂ ನ್ಯಾಯವೇ. ಎಲ್ಲ ಸೇರಿ ಒಂದು ಲಕ್ಷದ ಎರಡು ಸಾವಿರ. ಏಳುಮಲೈ ಒಂದು ಸರಳೂ ಕದ್ದಿರಲಿಲ್ಲ.

"ಸರಿ ಉಂಟಾ?"

"ಸರಿ ಉಂಟು."

"ಹಾಗಾದ್ರೆ ಮೇಸ್ತ್ರಿ ಹತ್ರ ಕ್ಷಮೆ ಕೇಳು. ಕಲಾ, ಬಾಕಿ ಇಪ್ಪತ್ತಾರು ಸಾವಿರ ನಾಳೆ ತಾ. ಸಾಮಾನು ನಿಂದು ಅಂತ ಮಾತಾಗಿತ್ತಲ್ಲ?"

ಪ್ರಣಮ್ಯಾ ಕ್ಷಮೆ ಕೇಳಿದಳು. ಎಲ್ಲರೂ ನೋಡುತ್ತಿದ್ದರು. ಏಳುಮಲೈ ತಲೆ ಬೇರೆಡೆ ತಿರುಗಿಸಿದ.

ಕಲಾವತಿ ಅಳಲಿಲ್ಲ, ಜಗಳವಾಡಲಿಲ್ಲ. ಕೈಗಂಟಿದ ಕಾಯಿತುರಿಯನ್ನು ಸೆರಗಿಗೆ ಒರೆಸಿಕೊಂಡು ಮಗಳ ಹತ್ತಿರ ಬಂದು ಮೆಲ್ಲನೆ ಕೇಳಿದಳು. "ಅಷ್ಟು ಗಟ್ಟಿ ಸ್ಲ್ಯಾಬ್ ಅಲ್ವಾ ಮಗಾ, ಹಿಂದಿನ ಮೂಲೆಯಲ್ಲಿ ಒಂದು ಸಣ್ಣ ಗೋಡೆ ಕಟ್ಟಿದ್ರೆ ಭಾರ ಹಿಡೀತದಾ? ನಮಗಿಬ್ಬರಿಗೆ ಅಷ್ಟು ಸಾಕಲ್ಲ?"

"ಹಿಡೀತದೆ ಅಮ್ಮ."

ಮಧ್ವರಾಜನಿಗೆ ಕೇಳಿಸಿತು. "ಅಲ್ಲಿ ನಾಲ್ಕು ಟೇಬಲ್ ಬರ್ತದೆ," ಎಂದು ಹೇಳಿ ಕ್ಯಾಷಿಗೆ ಹೋಗಿ ಕೂತ.